ಒದ್ದೆಯಲ್ಲಿ ಮೂರಿಂಚು, ಒಣಗಿದರೆ ಎರಡು

ಶಾಲೆಯ ಫೋಟೊಗೆ ಎರಡು ದಿನ ಮೊದಲು ಮಗಳನ್ನು ಅಂಧೇರಿಯಲ್ಲಿ ನಮ್ಮ ಮನೆ ಹತ್ತಿರದ ಪಾರ್ಲರಿಗೆ ಕರೆದುಕೊಂಡು ಹೋದೆ. ಅವಳದು ಗುಂಗುರು ಕೂದಲು. ಅದನ್ನು ಒದ್ದೆ ಮಾಡಿ, ಹಣೆಯ ಮೇಲಿನದನ್ನು ಬಾಚಣಿಗೆಯಿಂದ ನೇರ ಎಳೆದು, ಹುಬ್ಬಿನ ಸಾಲಿಗೆ ಸರಿಯಾಗಿ ಕತ್ತರಿಸಿದರು. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಮನೆಗೆ ಬಂದು ಒಣಗುವಷ್ಟರಲ್ಲಿ ಹಣೆಯ ನಡುವಿಗೆ ಏರಿ ಕೂತಿತ್ತು, ಅದೂ ಓರೆಯಾಗಿ. "ಅಮ್ಮಾ, ನಾನು ಫೋಟೊಗೆ ಹೋಗಲ್ಲ" ಎಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡಳು.

ರಾತ್ರಿ ಅವಳು ಮಲಗಿದ ಮೇಲೆ ಟೇಪು ಹಿಡಿದು ಕೂತೆ. ಎಳೆದು ಹಿಡಿದರೆ ಎರಡೂ ಕಡೆ ಮೂರು ಇಂಚು. ಬಿಟ್ಟರೆ ಬಲಗಡೆ ಎರಡು, ಎಡಗಡೆ ಎರಡೂವರೆ. ಕತ್ತರಿ ಓರೆಯಾಗಿ ಹೋಗಿರಲಿಲ್ಲ. ಒಂದೇ ತಲೆಯಲ್ಲಿ ಸುರುಳಿಯ ಬಿಗಿ ಎರಡು ಥರ ಇತ್ತು. ಒದ್ದೆಯಲ್ಲೇ ಕತ್ತರಿಸಿ ಒಣಗಿದಾಗ ಮೂರು ಇಂಚು ಉಳಿಯಬೇಕಿದ್ದರೆ ಬಲಕ್ಕೆ ನಾಲ್ಕೂವರೆ, ಎಡಕ್ಕೆ ಸುಮಾರು ಮೂರೂವರೆ ಇಂಚು ಬಿಡಬೇಕಿತ್ತು. ಒಂದೇ ಅಳತೆ ಎರಡಕ್ಕೂ ಹೊಂದುವುದಿಲ್ಲ.

ಹಾಸ್ಟೆಲ್ ದಿನಗಳ ಗೆಳತಿಗೆ ಫೋನ್ ಮಾಡಿದೆ. ಅವಳು ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ, ಸಣ್ಣ ಸ್ಪ್ರಿಂಗಿನಂಥ ಬಿಗಿ ಸುರುಳಿಯ ಕೂದಲು. "ಒಣಗಿದ್ಮೇಲೆ ಹೆಂಗೆ ನಿಲ್ತದೆ ಅಂತ ನೋಡ್ದೆ ಕತ್ತರಿ ಹಾಕ್ಸಿದ್ರೆ ಹಿಂಗೇ ಆಗೋದು ಮಾರಾಯ್ತಿ" ಎಂದು ನಕ್ಕಳು.

ಓಪ್ರಾ ವಿನ್‌ಫ್ರೀಯ ಕೇಶವಿನ್ಯಾಸಕ ಆಂಡ್ರೆ ವಾಕರ್ ಮಾಡಿದ ವಿಂಗಡಣೆಯಲ್ಲಿ 1 ಎಂದರೆ ನೇರ, 2 ಅಲೆ, 3 ಗುಂಗುರು, 4 ಬಿಗಿ ಸುರುಳಿ. ಆ ಲೆಕ್ಕದಲ್ಲಿ ನಾನು 2, ಮಗಳು 3, ಗೆಳತಿ 4. ಸಂಖ್ಯೆ ಏರಿದಂತೆ ಒಣಗುವಾಗ ಕೂದಲು ಕುಗ್ಗುವುದೂ ಹೆಚ್ಚುತ್ತದೆ. ನನ್ನ ಅಲೆಗೂದಲು ಅರ್ಧ ಇಂಚು ಏರಿದರೆ ಹೆಚ್ಚು, ಹಾಗಾಗಿ ಒದ್ದೆಯಲ್ಲಿ ಕತ್ತರಿಸಿದರೂ ನಡೆಯುತ್ತದೆ. ಗೆಳತಿಯ ಕೂದಲು ಎಳೆದಾಗಿನ ಉದ್ದದ ಅರ್ಧಕ್ಕೂ ಕಡಿಮೆ ಕಾಣುತ್ತದೆ. ಅದಕ್ಕೇ ಅವಳು ಕತ್ತರಿಗೆ ಮೊದಲು ಹೇಗೆ ಬಿಡುತ್ತೇನೆ ಎಂದು ತೀರ್ಮಾನಿಸುತ್ತಾಳೆ. ದುಂಡಗೆ ಬಿಡುವುದಾದರೆ ಒಣಗಿ ಕುಗ್ಗಿದ ರೂಪದಲ್ಲೇ ಆಕಾರ ಕೊಡಬೇಕು. ಉದ್ದ ಎಳೆದು ಕಟ್ಟುವುದಾದರೆ ಎಳೆದು ಒಣಗಿಸಿದ ಮೇಲೆ ಕತ್ತರಿಸಬೇಕು.

ಒಣಗಿಸುವುದು ಯಾಕೆ ಅಷ್ಟು ಮುಖ್ಯ ಎಂದರೆ, ನೀರು ತಾಗಿದಾಗ ಕೂದಲಿನ ಕೆರಾಟಿನ್‌ನೊಳಗಿನ ಹೈಡ್ರೋಜನ್ ಬಂಧಗಳು ಬಿಚ್ಚಿಕೊಳ್ಳುತ್ತವೆ. ಒಣಗುವಾಗ ಕೂದಲು ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಟವೆಲಿನಿಂದ ಉಜ್ಜಿದರೆ, ಬಾಚಿದರೆ, ಸುರುಳಿ ಒಡೆದು ಎಳೆ ಎಳೆಯಾಗಿ ನಿಲ್ಲುತ್ತದೆ. ಮುಂಬೈ ಮಳೆಗಾಲದ ತೇವಕ್ಕೆ ಒಣಗಿದ ಕೂದಲೂ ಮತ್ತೆ ಉಬ್ಬುವುದು ಇದೇ ಕಾರಣಕ್ಕೆ.

ಈಗ ಮೂವರದೂ ಮೂರು ಥರ. ನಾನು ತಲೆ ಬಗ್ಗಿಸಿ, ಹಳೆಯ ಕಾಟನ್ ಬನಿಯನ್ನಿನಲ್ಲಿ ಕೂದಲನ್ನು ಬುಡದ ಕಡೆಗೆ ಹಿಸುಕುತ್ತೇನೆ. ಕ್ರೀಮು ಹೆಚ್ಚಾದರೆ ಆ ಭಾರಕ್ಕೆ ಅಲೆ ಮಲಗಿಬಿಡುತ್ತದೆ. ಮಗಳಿಗೆ ನೀರು ಸೋರುವಾಗಲೇ ಜೆಲ್ ಹಚ್ಚಿ, ಡ್ರೈಯರಿಗೆ ಡಿಫ್ಯೂಸರ್ ಬಟ್ಟಲು ಸಿಕ್ಕಿಸಿ, ಕಡಿಮೆ ಬಿಸಿ, ಕಡಿಮೆ ಗಾಳಿಯಲ್ಲಿ ಸುರುಳಿಗಳನ್ನು ಬಟ್ಟಲಿನಲ್ಲಿ ಕೂರಿಸಿ ಹಿಡಿಯುತ್ತೇನೆ. ಉಳಿದ ತೇವ ಫ್ಯಾನಿಗೆ ಆರುತ್ತದೆ. ಪೂರ್ತಿ ಒಣಗಿತೋ ಇಲ್ಲವೋ ತಿಳಿಯಲು ಬುಡ ಮುಟ್ಟಿ ನೋಡಬೇಕು, ತಣ್ಣಗಿದ್ದರೆ ಇನ್ನೂ ನೀರಿದೆ. ಜೆಲ್ ಗಟ್ಟಿಯಾಗಿ ಗರಿಗರಿ ಎನ್ನುವಾಗ ಮಾತ್ರ ಹಿಸುಕಿ ಮೆದುಗೊಳಿಸುತ್ತೇನೆ. ಗೆಳತಿ ಕಂಡಿಷನರ್ ಇರುವಾಗಲೇ ತುದಿಯಿಂದ ಬುಡಕ್ಕೆ ಸಿಕ್ಕು ಬಿಡಿಸಿ, ಕೂದಲನ್ನು ಭಾಗ ಮಾಡಿ, ಸಡಿಲವಾಗಿ ಜಡೆ ಹೆಣೆದು ಒಣಗಲು ಬಿಡುತ್ತಾಳೆ. ಅಷ್ಟು ಬಿಗಿಯಾದ ತಿರುವುಗಳಲ್ಲಿ ತಲೆಯ ಎಣ್ಣೆ ತುದಿಯವರೆಗೆ ಇಳಿಯದು, ಒಣ ಬಾಚಣಿಗೆಗೆ ಎಳೆ ತುಂಡಾಗುತ್ತದೆ.

ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಮಗಳ ಬಲಗಡೆಯದು ಮತ್ತೆ ಹುಬ್ಬಿಗೆ ಇಳಿಯಲು ಒಂದೂವರೆ ಇಂಚು, ಅಂದರೆ ಮೂರು ತಿಂಗಳು. ಅಷ್ಟು ಕಾದು ಬೇರೆ ಕಡೆ ಹೋದೆವು. ಹಿಂದಿನ ರಾತ್ರಿ ತೊಳೆದು, ಮುಟ್ಟದೆ ಒಣಗಿಸಿ, ಕಟ್ಟದೆ ಕರೆದೊಯ್ದೆ. ಆಕೆ ಒಂದೊಂದೇ ಸುರುಳಿಯನ್ನು ಎಳೆಯದೆ ಹಿಡಿದು, ಅದು ನಿಂತಲ್ಲೇ ಕಾಲಿಂಚಿನಷ್ಟು ಕತ್ತರಿಸಿದರು. ಮುಕ್ಕಾಲು ಗಂಟೆ ಹಿಡಿಯಿತು.

ಆ ವರ್ಷದ ಫೋಟೊದಲ್ಲಿ ಅವಳು ಹೇರ್‌ಬ್ಯಾಂಡ್ ಹಾಕಿಕೊಂಡೇ ನಿಂತಿದ್ದಾಳೆ. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಲು ಇವತ್ತಿಗೂ ಬಿಟ್ಟಿಲ್ಲ.