ಪರವಲಯದಿಂದ ಲಾಗ್ ನಿಯಮಕ್ಕೆ: ಪ್ರಥಮ ಪಿಯುಸಿಯ ಒಂದು ಪಾಠ

ಪೈಪಿನಲ್ಲಿ ನೀರಿನ ವೇಗ ಗೋಡೆಯ ಬಳಿ ಸೊನ್ನೆ, ಮಧ್ಯದಲ್ಲಿ ಗರಿಷ್ಠ, ವೇಗದ ನಕ್ಷೆ ಪರವಲಯ ಎಂದು ಅಭ್ಯಾಸ ಬೋಧನೆಯ ತರಗತಿಯಲ್ಲಿ ವಿವರಿಸಿದ್ದೆ. “ಸರ್, ನಮ್ಮೂರಿನ ನೀರಿನ ಪೈಪಲ್ಲೂ ಹೀಗೇನಾ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪರವಲಯ ನಿಧಾನವಾದ ಪದರ ಹರಿವಿಗೆ ಮಾತ್ರ. ಊರಿನ ಪೈಪಿನಲ್ಲಿ ಸಾಮಾನ್ಯವಾಗಿ ಇರುವುದು ಪ್ರಕ್ಷುಬ್ಧ ಹರಿವು. ಅದನ್ನು ಮುಂದಿನ ಅವಧಿಯಲ್ಲಿ ತಿಳಿಸಲು ಮಾರ್ಗದರ್ಶಕರ ಒಪ್ಪಿಗೆ ಕೇಳಿದೆ. “ಮಕ್ಕಳಿಗೆ ಅನುಕಲನ ಇನ್ನೂ ಆಗಿಲ್ಲವಲ್ಲ?” ಎಂದರು. ಅನುಕಲನವಿಲ್ಲದ ದಾರಿ ಹುಡುಕಬೇಕಾಯಿತು.

ಪ್ರಕ್ಷುಬ್ಧ ಹರಿವಿನಲ್ಲಿ ನೀರಿನ ಮುದ್ದೆಗಳು ಅಡ್ಡಡ್ಡ ಸರಿದು ತಮ್ಮ ಸಂವೇಗವನ್ನು ಪಕ್ಕದ ಪದರಕ್ಕೆ ಒಯ್ಯುತ್ತವೆ. ಒಂದು ಮುದ್ದೆ ಬೆರೆತುಹೋಗುವ ಮೊದಲು ಸರಿಯುವ ಸರಾಸರಿ ದೂರವನ್ನು ಪ್ರಾಂಟ್ಲ್ 1925ರಲ್ಲಿ ಮಿಶ್ರಣ ದೂರವಾಗಿ ಬಳಸಿದರು. ಗೋಡೆಯ ಹತ್ತಿರ ಸರಿಯಲು ಜಾಗವಿಲ್ಲ; ಆದ್ದರಿಂದ ಆ ದೂರ ಗೋಡೆಯಿಂದಿರುವ ಅಂತರ y ಗೆ ಅನುಪಾತದಲ್ಲಿ ಬೆಳೆಯುತ್ತದೆ: l = 0.41y. ಬೆರಕೆ ಹೆಚ್ಚಾದಲ್ಲಿ ಅಷ್ಟೇ ಸಂವೇಗವನ್ನು ದಾಟಿಸಲು ಕಡಿಮೆ ವೇಗವ್ಯತ್ಯಾಸ ಸಾಕು. ಹಾಗಾಗಿ ಅಂತರ ಇಮ್ಮಡಿಯಾದರೆ ವೇಗದ ಏರಿಕೆಯ ದರ ಅರ್ಧವಾಗುತ್ತದೆ.

ಇಲ್ಲಿಯೇ ದಾರಿ ಸಿಕ್ಕಿತು. 1ರಿಂದ 2 ಮಿ.ಮೀ.ಗೆ ವೇಗ ಎಷ್ಟು ಏರುವುದೋ, 2ರಿಂದ 4ಕ್ಕೂ ಅಷ್ಟೇ ಏರಬೇಕು: ದೂರ ಎರಡರಷ್ಟು, ದರ ಅರ್ಧ. ಪ್ರತಿ ಇಮ್ಮಡಿಗೂ ಸಮಾನ ಏರಿಕೆ ಎಂಬುದೇ ಲಾಗ್ ನಿಯಮ.

100 ಮಿ.ಮೀ. ವ್ಯಾಸದ ನಯವಾದ ಪೈಪು, ಸರಾಸರಿ ವೇಗ ಸೆಕೆಂಡಿಗೆ 1 ಮೀಟರ್ ಎಂದು ತೆಗೆದುಕೊಂಡೆವು. ರೆನಾಲ್ಡ್ಸ್ ಸಂಖ್ಯೆ ಸುಮಾರು 1,00,000. 1 ಮಿ.ಮೀ.ನಲ್ಲಿ ವೇಗ ಸುಮಾರು 0.68, ಪ್ರತಿ ಇಮ್ಮಡಿಗೆ ಏರಿಕೆ 0.08 ಎಂಬೆರಡು ಸಂಖ್ಯೆಗಳನ್ನು ನಾನೇ ಕೊಟ್ಟೆ. ಮಕ್ಕಳು ಕೂಡುತ್ತಾ ಹೋದರು: 2ಕ್ಕೆ 0.76, 4ಕ್ಕೆ 0.84, 32ಕ್ಕೆ 1.08. ಮಧ್ಯದಲ್ಲಿ ಸುಮಾರು 1.13. ಇದೇ ಸರಾಸರಿಯ ಪರವಲಯದಲ್ಲಾದರೆ 1 ಮಿ.ಮೀ.ನಲ್ಲಿ ವೇಗ ಬರೀ 0.08, ಮಧ್ಯದಲ್ಲಿ 2. ಎರಡೂ ನಕ್ಷೆಗಳನ್ನು ಒಂದೇ ಗ್ರಾಫ್ ಹಾಳೆಯಲ್ಲಿ ಬರೆದಾಗ, ಪ್ರಕ್ಷುಬ್ಧ ಹರಿವಿನ ನಕ್ಷೆ ಗೋಡೆಯ ಬಳಿ ಥಟ್ಟನೆ ಏರಿ ಆಮೇಲೆ ಚಪ್ಪಟೆಯಾಗುವುದು ಕಣ್ಣಿಗೇ ಕಂಡಿತು.

ನಂತರ ಗೋಡೆಯತ್ತ ಅರ್ಧರ್ಧ ಮಾಡುತ್ತಾ 0.08 ಕಳೆಯಲು ಹೇಳಿದೆ. ಒಂಬತ್ತನೇ ಸಲ ವೇಗ ಋಣಾತ್ಮಕವಾಯಿತು. “ನೀರು ಹಿಂದಕ್ಕೆ ಹೋಗುತ್ತಾ ಸರ್?” ಎಂಬ ಪ್ರಶ್ನೆ ಅವರಿಂದಲೇ ಬಂತು. ಗೋಡೆಗಂಟಿದ ಸುಮಾರು 0.1 ಮಿ.ಮೀ. ಪದರದಲ್ಲಿ ಬೆರಕೆಗಿಂತ ಸ್ನಿಗ್ಧತೆಯದೇ ಮೇಲುಗೈ. ಅಲ್ಲಿ ವೇಗ ಸರಳ ರೇಖೆಯಲ್ಲಿ ಸೊನ್ನೆಗಿಳಿಯುತ್ತದೆ. ಅಲ್ಲಿಂದ ಸುಮಾರು 0.6 ಮಿ.ಮೀ.ವರೆಗೆ ಎರಡರ ಪ್ರಭಾವವೂ ಇರುವುದರಿಂದ ಲಾಗ್ ನಿಯಮವನ್ನು ಅದರಾಚೆಗೆ ಮಾತ್ರ ಬಳಸಬೇಕು. ಮಧ್ಯದಲ್ಲೂ ಅದು ಪೂರ್ತಿ ನಿಜವಲ್ಲ: ಸಮಮಿತಿಯಿಂದ ಅಲ್ಲಿ ಏರಿಕೆಯ ದರ ಸೊನ್ನೆಯಾಗಬೇಕು, ಸೂತ್ರದಲ್ಲಿ ಆಗುವುದಿಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಇಟ್ಟೆ: 8ರಿಂದ 16 ಮಿ.ಮೀ.ಗೆ ಏರಿಕೆ ಎಷ್ಟು? ದೂರ ಎಂಟು ಪಟ್ಟಾಯಿತೆಂದು 0.64 ಬರೆದವರಿಗೆ ಕೋಷ್ಟಕವನ್ನು ಮತ್ತೆ ತೋರಿಸಬೇಕಾಯಿತು. ಲೆಕ್ಕ ಮಾಡದೆ 0.08 ಎಂದವರಿಗೆ ಲಾಗ್ ನಿಯಮ ತಿಳಿದಿತ್ತು.