ತಗಡಿನ ಕೆಳಗಿನ ಲೆಕ್ಕ

ಕಲಬುರಗಿ ಜಿಲ್ಲೆಯ ಒಂದು ಹಳ್ಳಿ ಶಾಲೆಯ ಎಂಟನೇ ತರಗತಿ ಕೋಣೆಗೆ ಚಾವಣಿ ಸುಧಾರಣೆ ಬೇಡ ಎಂದು ವರದಿ ಬರೆದುಕೊಟ್ಟವನು ನಾನೇ. ಆ ವರದಿಯನ್ನು ನಂಬಿ, ಚಾವಣಿಗೆಂದು ಎತ್ತಿಟ್ಟಿದ್ದ ಹಣವನ್ನು ಬೇರೆ ಕೆಲಸಕ್ಕೆ ಬಳಸಿದರು. ಮಕ್ಕಳು ಆ ಬೇಸಿಗೆಯನ್ನು ತಗಡಿನ ಕೆಳಗೇ ಕಳೆದರು.

ನಾನು ಅಳೆದದ್ದು ಮಾರ್ಚ್‌ನ ಒಂದು ಮಧ್ಯಾಹ್ನ. ಕರೆಂಟ್ ಇರಲಿಲ್ಲ, ಫ್ಯಾನ್ ನಿಂತಿತ್ತು. ಗಾಳಿಯ ಉಷ್ಣತೆ 30.5 ಡಿಗ್ರಿ, ತೇವಾಂಶ ಶೇ. 40, ಗಾಳಿಯ ವೇಗ ಸೆಕೆಂಡಿಗೆ 0.15 ಮೀಟರ್. ಮೊದಲು ಪಿಎಂವಿ ಲೆಕ್ಕ ಹಾಕಿದೆ. ಡೆನ್ಮಾರ್ಕಿನ ಓಲೆ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಈ ಸೂತ್ರಕ್ಕೆ ಆರು ಸಂಗತಿ ಬೇಕು: ಗಾಳಿಯ ಉಷ್ಣತೆ, ಸುತ್ತಲಿನ ಮೇಲ್ಮೈಗಳಿಂದ ಬರುವ ವಿಕಿರಣದ ಉಷ್ಣತೆ, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮಾಡುವ ಕೆಲಸ. ಉತ್ತರ ಮೈನಸ್ 3ರಿಂದ ಪ್ಲಸ್ 3ರೊಳಗಿನ ಒಂದು ಅಂಕಿ. ಸೊನ್ನೆ ಎಂದರೆ ಸೆಕೆಯೂ ಇಲ್ಲ, ಚಳಿಯೂ ಇಲ್ಲ. ವಿಕಿರಣ ಅಳೆಯುವ ಉಪಕರಣ ನನ್ನ ಬಳಿ ಇರಲಿಲ್ಲ. ಅದೂ ಗಾಳಿಯಷ್ಟೇ ಇರಬಹುದೆಂದು 30.5 ಎಂದೇ ತುಂಬಿದೆ. ಉತ್ತರ 1.6 ಬಂತು. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಸಮಾಧಾನ.

ಆ ಅಂಕಿಯನ್ನು ನಾನು ನಂಬಲಿಲ್ಲ, ಅದಕ್ಕೆ ಕಾರಣವೂ ಇತ್ತು. ಪಿಎಂವಿ ಹುಟ್ಟಿದ್ದು ಹವೆ ನಿಯಂತ್ರಿಸಿದ ಪ್ರಯೋಗಕೋಣೆಗಳಲ್ಲಿ. ಕಿಟಕಿ ತೆರೆದು ಬದುಕುವವರ ಸೆಕೆಯನ್ನು ಅದು ಹೆಚ್ಚಾಗಿಯೇ ಹೇಳುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಹೊಂದಾಣಿಕೆ ಮಾದರಿಗೆ ಹೋದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಐಮ್ಯಾಕ್‌ನಲ್ಲಿ ಲೆಕ್ಕ ಸರಳ: ಕಳೆದ ಮೂವತ್ತು ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ 12.83 ಕೂಡಿಸಬೇಕು. ಹೊರಗಿನ ಸರಾಸರಿ 29 ಇತ್ತು, ಹಿತವಾದ ಉಷ್ಣತೆ 28.5 ಬಂತು. ನೂರರಲ್ಲಿ ತೊಂಬತ್ತು ಜನ ಒಪ್ಪುವ ಮಿತಿ ಅದರ ಮೇಲೆ 2.38 ಡಿಗ್ರಿ, ಅಂದರೆ 30.9. ನನ್ನ 30.5 ಅದರ ಒಳಗಿತ್ತು. ಕೋಣೆ ಪರವಾಗಿಲ್ಲ ಎಂದು ಬರೆದೆ.

ಅಲ್ಲಿ ಕೂತಿದ್ದ ಮಕ್ಕಳನ್ನು ಮಾತ್ರ ಕೇಳಲಿಲ್ಲ. ಏಪ್ರಿಲ್‌ನಲ್ಲಿ ಮುಖ್ಯೋಪಾಧ್ಯಾಯರು ಕರೆಸಿದಾಗ ಒಬ್ಬ ಹುಡುಗಿ ಹೇಳಿದಳು: "ಸರ್, ಗಾಳಿ ಏನೂ ಅನ್ಸಂಗಿಲ್ರಿ. ಪತ್ರಾದಿಂದ ತಲಿ ಮ್ಯಾಲೆ ಉರಿ ಬಿದ್ದಂಗ ಆಗ್ತದ್ರಿ."

ನಾನು ಅಳೆಯದೆ ಬಿಟ್ಟದ್ದು ಅದನ್ನೇ. ಟೇಬಲ್ ಟೆನಿಸ್ ಚೆಂಡಿಗೆ ತೂತು ಕೊರೆದು, ಮಾಸಲು ಕಪ್ಪು ಬಣ್ಣ ಹಚ್ಚಿ, ನಡುವೆ ಉಷ್ಣಮಾಪಕದ ತುದಿ ನಿಲ್ಲಿಸಿ ಮಕ್ಕಳ ಎದೆಮಟ್ಟಕ್ಕೆ ತೂಗುಹಾಕಿದೆ. ಇಂಥ ಗೋಳ ಗಾಳಿಯ ಶಾಖವನ್ನೂ ಚಾವಣಿಯ ಶಾಖವನ್ನೂ ಒಟ್ಟಿಗೆ ಹೀರುತ್ತದೆ. ಮೊದಲಿನ ವರದಿಯೊಡನೆ ಹೋಲಿಸಲೆಂದೇ, ಗಾಳಿ ಮತ್ತೆ 30.5 ಇದ್ದ ಹೊತ್ತಿನ ಓದನ್ನು ತೆಗೆದುಕೊಂಡೆ. ಗೋಳ 32.6 ತೋರಿಸಿತು. ವ್ಯತ್ಯಾಸ ಬರೀ ಎರಡು ಡಿಗ್ರಿ ಎನಿಸಬಹುದು. ಆದರೆ ಗೋಳದ ಸುತ್ತ ಸುಳಿಯುವ ಗಾಳಿ ಅದನ್ನು ತಂಪಾಗಿಸುತ್ತಲೇ ಇರುತ್ತದೆ. ಆ ನಷ್ಟವನ್ನು ಲೆಕ್ಕದಲ್ಲಿ ಮರಳಿ ಸೇರಿಸಿದಾಗ ವಿಕಿರಣದ ಉಷ್ಣತೆ 35 ಆಯಿತು. ಗಾಳಿ ಹೀಗೆ ನಿಧಾನವಾಗಿರುವಾಗ ಮೈಗೆ ತಟ್ಟುವುದು ಎರಡರ ಸರಾಸರಿ: ಸುಮಾರು 32.8. ಮಾರ್ಚ್‌ನ ಮಿತಿಗಿಂತ ಹತ್ತಿರಹತ್ತಿರ ಎರಡು ಡಿಗ್ರಿ ಮೇಲೆ. ಐಮ್ಯಾಕ್ ಕೇಳುವುದೂ ಈ ಸರಾಸರಿಯನ್ನೇ, ಬರೀ ಗಾಳಿಯ ಉಷ್ಣತೆಯನ್ನಲ್ಲ.

ಪಿಎಂವಿಗೂ 35 ತುಂಬಿ ನೋಡಿದೆ. 2.3ರ ಹತ್ತಿರ ಬಂತು. ಐಎಸ್‌ಒ 7730 ಮಾನಕ ಅದನ್ನು ಮೈನಸ್ 2ರಿಂದ ಪ್ಲಸ್ 2ರವರೆಗೆ, ಗಾಳಿ 30 ಡಿಗ್ರಿ ಮೀರದಿರುವಾಗ ಮಾತ್ರ ಬಳಸಲು ಹೇಳುತ್ತದೆ. ಆದ್ದರಿಂದ ಆ ಅಂಕಿಯನ್ನು ವರದಿಗೆ ಸೇರಿಸುವಂತಿರಲಿಲ್ಲ, ಮೊದಲಿನ 1.6 ಕೂಡ ಅದೇ ಕಾರಣಕ್ಕೆ ದುರ್ಬಲ. ಆದರೂ ಎರಡು ಮಾದರಿಗಳು ವಿರುದ್ಧ ಉತ್ತರ ಕೊಟ್ಟಾಗ ನಾನು ಹಿತವಾದದ್ದನ್ನು ಆರಿಸಿಕೊಂಡೆ. ಎರಡಕ್ಕೂ ಒಂದೇ ತಪ್ಪು ಅಂಕಿ ಹೋಗಿದೆಯೇ ಎಂದು ನೋಡಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಇಂದಿಗೂ ಕಾಡುತ್ತದೆ. ಐಮ್ಯಾಕ್‌ಗೆ ಆಧಾರ ಕಚೇರಿಗಳಲ್ಲಿ ಕೆಲಸ ಮಾಡುವ ವಯಸ್ಕರ ಉತ್ತರಗಳು. ಅವರು ಕಿಟಕಿ ತೆರೆಯಬಹುದು, ಎದ್ದು ಹೊರಗೆ ಹೋಗಿಬರಬಹುದು. ಹನ್ನೆರಡು–ಹದಿಮೂರರ ಮಕ್ಕಳು ಸಮವಸ್ತ್ರದಲ್ಲಿ, ತಮಗೆ ಕೊಟ್ಟ ಜಾಗದಲ್ಲಿ ಅಲುಗಾಡದೆ ಕೂರುತ್ತಾರೆ. ಹೊಂದಿಕೊಳ್ಳಲು ದಾರಿಯೇ ಇಲ್ಲದವರಿಗೆ ಅದೇ ಮಿತಿ ಹಾಕುವುದು ಉದಾರವಾಯಿತು. ಅದಕ್ಕೇ ಈಗ ಅಳತೆ ಮುಗಿದ ಕೂಡಲೇ ಸೆಕೆ ಎಷ್ಟೆಂದು ಗುರುತಿಸಲು ಮಕ್ಕಳ ಕೈಗೆ ಏಳು ಮಟ್ಟದ ಚೀಟಿ ಕೊಡುತ್ತೇನೆ, ಯಾವ ಬೆಂಚು ಎಂದೂ ಬರೆಸಿಕೊಳ್ಳುತ್ತೇನೆ.

ಮರುವರ್ಷ ತಗಡಿನ ಮೇಲ್ಮೈಗೆ ಬಿಳಿ ಪ್ರತಿಫಲನ ಬಣ್ಣ ಬಳಿಸಿದರು. ಅಂಥದೇ ಮಾರ್ಚ್ ಮಧ್ಯಾಹ್ನ ಗಾಳಿ 30.4 ಇದ್ದಾಗ ಗೋಳ 31.2 ತೋರಿಸಿತು. ವಿಕಿರಣವನ್ನು ಮೊದಲಿನಂತೆಯೇ ಲೆಕ್ಕ ಹಾಕಿದಾಗ ಸರಾಸರಿ 31.3 ಬಂತು. ಇನ್ನೂ ಮಿತಿಯ ಮೇಲೇ ಇದೆ. ಫ್ಯಾನ್ ತಿರುಗಿದರೆ ಸಾಕಾಗುವಷ್ಟು ಅಂತರ, ಆದರೆ ಫ್ಯಾನ್ ಗಾಳಿ ತಾಗುವುದು ನಡುವಿನ ಬೆಂಚುಗಳಿಗೆ ಮಾತ್ರ. ಗೋಡೆ ಪಕ್ಕದವರ ಚೀಟಿಗಳು ಇನ್ನೂ 'ಬಿಸಿ' ಎನ್ನುತ್ತಿವೆ. ಆ ಸಾಲಿನ ಮೇಲೆ ಇನ್ನೆರಡು ಫ್ಯಾನ್ ಬೇಕೆಂದು ಹೊಸ ವರದಿಯಲ್ಲಿ ಬರೆದಿದ್ದೇನೆ.