ಆ ನಂಬರ್ ನಮ್ಮದಾಗಿರಲಿಲ್ಲ

ನಮ್ಮ ತಾಲ್ಲೂಕಿನ ಪದವಿ ಕಾಲೇಜಿನವರು ಫೋನ್ ಮಾಡಿ, ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಮೊಬೈಲ್ ಬಗ್ಗೆ ಒಂದಿಷ್ಟು ಹೇಳಿ ಅಂದರು. ಪಾಸ್‌ವರ್ಡ್, ಓಟಿಪಿ ಅಂತ ಎಲ್ಲರೂ ಹೇಳುತ್ತಾರೆ. ನಾವು ನಮ್ಮದೇ ತಪ್ಪೊಂದನ್ನು ಹೇಳಲು ಹೋದೆವು.

ಕೆಲ ವರ್ಷದ ಹಿಂದೆ ಹೊಳೆಯ ಮರಳಿನ ಸುದ್ದಿ ಬೆನ್ನು ಹತ್ತಿದ್ದೆವು. ರಾತ್ರಿ ಎಷ್ಟು ಗಾಡಿ ಹೋದವು, ಯಾವ ದಾರಿ ಹಿಡಿದವು ಅಂತ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ನಮಗೆ ತಿಳಿಸುತ್ತಿದ್ದ. ಅವನು ಹೊಸ ಸಿಮ್ ತಗೊಂಡಾಗ ಮೊದಲು ಫೋನ್ ಮಾಡಿದ್ದು ನಮಗೇ. ನಾವು ಆ ನಂಬರನ್ನು ‘ಮರಳು ಮಾಹಿತಿ’ ಅಂತ ಸೇವ್ ಮಾಡಿಕೊಂಡೆವು. ವರದಿಗಾರರ ಫೋನಿನಲ್ಲಿ ಹೀಗೇ ಇರುತ್ತದೆ. ನೂರಾರು ಹೆಸರಿನ ನಡುವೆ ಯಾರು ಯಾವುದಕ್ಕೆ ಅಂತ ನೆನಪಿರಬೇಕಲ್ಲ.

ಅದೇ ವಾರ ಒಂದು ಪುಕ್ಕಟೆ ಆಪ್ ಹಾಕಿಕೊಂಡಿದ್ದೆವು. ಫೋನ್ ಬಂದಾಗ ಯಾರದು ಅಂತ ಹೆಸರು ತೋರಿಸುವ ಆಪ್. ನಮ್ಮ ಹೆಸರು, ನಂಬರ್, ಇಮೇಲ್ ಕೇಳಿತು, ಕೊಟ್ಟೆವು. ಆಮೇಲೆ ಕಾಂಟ್ಯಾಕ್ಟ್ಸ್ ನೋಡಬಹುದೇ ಅಂತ ಕೇಳಿತು. Allow ಒತ್ತಿದೆವು. ಅವಸರದಲ್ಲಿ ಯಾರು ಓದುತ್ತಾರೆ?

ಅಲ್ಲೇ ಎಡವಿದ್ದು. ಅಂಥ ಆಪಿಗೆ ಹೆಸರುಗಳು ಆಕಾಶದಿಂದ ಬರುವುದಿಲ್ಲ. ನಮ್ಮಂಥವರು ಸೇವ್ ಮಾಡಿಕೊಂಡ ಹೆಸರು, ನಂಬರ್ ಅದರ ಕಂಪನಿಯ ಕಂಪ್ಯೂಟರಿಗೆ ಹೋಗುತ್ತವೆ. ಒಂದೇ ನಂಬರನ್ನು ಹತ್ತು ಜನ ಸೇವ್ ಮಾಡಿದ್ದರೆ ಹೆಚ್ಚು ಜನ ಇಟ್ಟ ಹೆಸರು ಮೇಲೆ ಬರಬಹುದು. ಹೊಸ ನಂಬರನ್ನು ಒಬ್ಬರೇ ಸೇವ್ ಮಾಡಿದ್ದರೆ ಅವರು ಇಟ್ಟದ್ದೇ ಹೆಸರು.

ಡ್ರೈವರ್ ಹೊಸ ನಂಬರಿನಿಂದ ತನ್ನ ಮಾಲೀಕನಿಗೆ ಫೋನ್ ಮಾಡಿದ. ಮಾಲೀಕನ ಫೋನಿನಲ್ಲೂ ಅದೇ ಆಪ್ ಇತ್ತು. ಪರದೆಯ ಮೇಲೆ ‘ಮರಳು ಮಾಹಿತಿ’ ಅಂತ ಬಂತು. ಎರಡು ದಿನದಲ್ಲಿ ಅವನ ಕೆಲಸ ಹೋಯಿತು.

ನಮ್ಮ ಮನೆ ಬಾಗಿಲಿಗೆ ಬಂದು ಅವನು ಕೇಳಿದ್ದು ಇಷ್ಟೇ: “ಅಣ್ಣಾರ, ನನ್ನ ನಂಬರ ಯಾರಿಗ್ ಕೊಟ್ರಿ?” ಯಾರಿಗೂ ಕೊಟ್ಟಿಲ್ಲ ಅಂತ ಆಣೆ ಮಾಡಿದೆವು. ಕೊಟ್ಟಿದ್ದೆವು, ನಮಗೇ ಗೊತ್ತಿರಲಿಲ್ಲ.

ಇಷ್ಟು ಹೇಳಿ ಮಕ್ಕಳಿಗೆ ಅವರವರ ಫೋನ್ ತೆಗೆಯಿರಿ ಅಂದೆವು. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ Permission manager ಅಂತ ಬರೆದು, ಅದರೊಳಗೆ Contacts ಒತ್ತಿದರೆ ನಿಮ್ಮ ಕಾಂಟ್ಯಾಕ್ಟ್ಸ್ ಓದುವ ಆಪ್‌ಗಳ ಪಟ್ಟಿ ಬರುತ್ತದೆ. ಮುಂದಿನ ಸಾಲಿನ ಹುಡುಗಿಯ ಪಟ್ಟಿಯಲ್ಲಿ ಒಂದು ಟಾರ್ಚ್ ಆಪ್ ಇತ್ತು, ಫೋಟೊಗೆ ಚೌಕಟ್ಟು ಹಾಕುವ ಆಪ್ ಇತ್ತು. ಟಾರ್ಚ್ ಹಚ್ಚಲು ಅವಳ ಸೋದರಮಾವನ ನಂಬರ್ ಯಾಕೆ ಬೇಕು? Don't allow ಒತ್ತಿಸಿದೆವು. ಟಾರ್ಚ್ ಮೊದಲಿನ ಹಾಗೇ ಹತ್ತಿತು. ಇಡೀ ಹಾಲ್ ನಕ್ಕಿತು.

ಪರೀಕ್ಷೆ ಮಾಡುವ ಬಗೆ ಇದೇ. ಮೊದಲು ಬೇಡ ಅನ್ನಿ, ಆಪ್ ಕೆಲಸ ಮಾಡುತ್ತದೋ ನೋಡಿ. ನಿಜವಾಗಿ ಬೇಕಾದಾಗ ಅದು ಮತ್ತೆ ಕೇಳಬಹುದು, ಆಗ ಕೊಟ್ಟರಾಯಿತು. ವಾಟ್ಸಾಪ್ ಕೂಡ ಕಾಂಟ್ಯಾಕ್ಟ್ಸ್ ಇಲ್ಲದೆ ನಡೆಯುತ್ತದೆ, ಹೆಸರಿನ ಬದಲು ನಂಬರ್ ಕಾಣುವಂಥ ಕಿರಿಕಿರಿ ಇರುತ್ತದೆ. ಸಾಲ ಕೊಡುವ ಆಪ್ ಕಾಂಟ್ಯಾಕ್ಟ್ಸ್ ಕೇಳಿದರೆ ಅಲ್ಲೇ ಬಿಟ್ಟು ಎದ್ದು ಬನ್ನಿ. ಅವು ಫೋನಿನ ಕಾಂಟ್ಯಾಕ್ಟ್ಸ್ ಮುಟ್ಟಬಾರದು ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಕಂತು ತಪ್ಪಿದಾಗ ನಿಮ್ಮ ಅವ್ವನಿಗೆ, ಮೇಷ್ಟ್ರಿಗೆ ಫೋನ್ ಮಾಡಿ ಮಾನ ಕಳೆಯಲೆಂದೇ ಅಂಥ ಪಟ್ಟಿಯನ್ನು ಬಳಸಿಕೊಂಡವರಿದ್ದಾರೆ.

ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಈಗಾಗ್ಲೇ ಹೋಗಿರೋದು ವಾಪಸ್ ಬರುತ್ತಾ?” ಅಂದ. ಆ ದಿನದ ಒಳ್ಳೆಯ ಪ್ರಶ್ನೆ ಅದೇ. Don't allow ಒತ್ತಿದರೆ ಇನ್ನು ಮುಂದೆ ಓದುವುದು ನಿಲ್ಲುತ್ತದೆ, ಮೊದಲೇ ಹೋದದ್ದು ಅಲ್ಲೇ ಇರುತ್ತದೆ. ಆಪ್ ಅಳಿಸಿದರೆ ಅದು ನಿಮ್ಮ ಫೋನಿನಿಂದ ಹೋಗುತ್ತದೆ, ನಿಮ್ಮ ಖಾತೆ ಅವರ ಹತ್ತಿರ ಉಳಿಯುತ್ತದೆ. ಹಾಗಾಗಿ ಮೊದಲು ಆಪಿನ ಒಳಗೆ ಹೋಗಿ Delete account ಹುಡುಕಿ ಖಾತೆ ಮುಚ್ಚಿ, ಆಮೇಲೆ ಆಪ್ ತೆಗೆಯಿರಿ. ನಮ್ಮಲ್ಲಿ ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಖಾತೆ ತೆರೆಸುವ ಆಪ್‌ಗಳು ಅದನ್ನು ಮುಚ್ಚುವ ದಾರಿಯನ್ನೂ ಕೊಡಬೇಕು ಅಂತ ಗೂಗಲ್ ಪ್ಲೇನವರ ನಿಯಮವಿದೆ. ಹಾಗೆ ಮಾಡಿದರೂ ನಿಮ್ಮ ಖಾತೆ ಅಳಿಯುತ್ತದೆಯೇ ಹೊರತು, ನೀವು ಕೊಟ್ಟ ಬೇರೆಯವರ ನಂಬರ್‌ಗಳೂ ಅಳಿದವು ಅಂತ ಹೇಳಲಾಗದು.

ಡ್ರೈವರನ ನಂಬರಿನ ಮೇಲಿದ್ದ ಹೆಸರನ್ನು ತೆಗೆಸಲು ಅವನೇ ಆ ಆಪಿನ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಕೇಳಿಕೊಳ್ಳಬೇಕಾಯಿತು. ಪಕ್ಕದಲ್ಲಿ ಕೂತು ಮಾಡಿಸಿದೆವು. ಹೆಸರು ಹೋಯಿತು, ಕೆಲಸ ಬರಲಿಲ್ಲ. ಈಗ ಕಬ್ಬಿನ ಹಂಗಾಮಿಗೆ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ.

ಅವನ ನಂಬರ್ ಈಗ ನಮ್ಮ ಫೋನಿನಲ್ಲಿಲ್ಲ. ಕಿಸೆಯ ಸಣ್ಣ ಡೈರಿಯ ಒಂದು ಹಾಳೆಯಲ್ಲಿ, ಹೆಸರಿಲ್ಲದೆ ಇದೆ.